ಅರ್ಧ ಲೀಟರ್ ಹಾಲು ಯಾವ ಖಾನೆಗೆ?

2023ರ ಮೇ 1ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಭಾರತೀಯ ಜನತಾ ಪಕ್ಷದ ‘ಪ್ರಜಾ ಪ್ರಣಾಳಿಕೆ’ಯಲ್ಲಿ ಒಂದು ಭರವಸೆ ಇತ್ತು. ಬಡತನ ರೇಖೆಗಿಂತ ಕೆಳಗಿರುವ ಪ್ರತಿ ಕುಟುಂಬಕ್ಕೂ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ತಿಂಗಳಿಗೆ 5 ಕಿಲೋ ಸಿರಿಧಾನ್ಯ ಕೊಡುತ್ತೇವೆ ಎಂಬುದು ಅದರ ಸಾರ. ಮತದಾರರಿಗೆ ಇದರಲ್ಲಿ ಗೊಂದಲವೇನಿಲ್ಲ, ಹಾಲು ಬಂದರೆ ಬಂತು. ಆದರೆ ಇದೇ ಮಾತನ್ನು ಇಬ್ಬರು ಸಂಶೋಧಕರ ಮುಂದಿಟ್ಟು, ‘ಇದು ಯಾವ ವಿಷಯಕ್ಕೆ ಸೇರಿದ್ದು, ಒಂದೇ ಒಂದು ಖಾನೆ ಆರಿಸಿ’ ಎಂದರೆ ತಕರಾರು ಶುರುವಾಗುತ್ತದೆ. ಬಡವರ ಕಲ್ಯಾಣ ಎಂದು ಒಬ್ಬರು ಬರೆದುಕೊಳ್ಳುತ್ತಾರೆ. ಹಾಲೂ ಸಿರಿಧಾನ್ಯವೂ ಹಳ್ಳಿಯಿಂದಲೇ ಬರಬೇಕಲ್ಲ, ಇದು ರೈತರ ಪರವಾದ ಮಾತು ಎಂದು ಇನ್ನೊಬ್ಬರು ಬರೆಯುತ್ತಾರೆ. ಮೂರನೆಯವರೊಬ್ಬರಿದ್ದರೆ ಆ ವರ್ಷದ ಏಪ್ರಿಲ್‌ನಲ್ಲಿ ಎದ್ದ ನಂದಿನಿ–ಅಮುಲ್ ಜಗಳವನ್ನು ನೆನೆದು, ‘ನಂದಿನಿ’ ಎಂಬ ಹೆಸರನ್ನು ಬೇಕೆಂದೇ ಹಾಕಿದ್ದಾರೆ, ಇದು ನಾಡಿನ ಅಭಿಮಾನದ ಮಾತು ಎನ್ನಲೂಬಹುದು.

ಮೂವರೂ ಓದು ಬಲ್ಲವರೇ, ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಪ್ರಣಾಳಿಕೆಯ ಉದ್ದಕ್ಕೂ ಹೀಗೇ ಆದರೆ, ‘ಈ ಪಕ್ಷದ ಪ್ರಣಾಳಿಕೆಯಲ್ಲಿ ಕಲ್ಯಾಣಕ್ಕೆ ಶೇ. 30 ಪಾಲು’ ಎಂದು ಕೊನೆಯಲ್ಲಿ ಹೊರಬೀಳುವ ಅಂಕಿ ಯಾರದ್ದು? ಪಕ್ಷದ್ದೋ, ಓದಿದವರದ್ದೋ? ಪ್ರಣಾಳಿಕೆಗಳ ವಿಷಯ ವಿಶ್ಲೇಷಣೆ ಎಂಬ ಸಂಶೋಧನಾ ವಿಧಾನದ ಹೆಚ್ಚಿನ ಶ್ರಮ ಹೋಗುವುದು ಈ ಒಂದು ಪ್ರಶ್ನೆಗೆ.

ಈ ಕೆಲಸವನ್ನು ಜಗತ್ತಿನಲ್ಲಿ ಅತಿ ದೊಡ್ಡ ಪ್ರಮಾಣದಲ್ಲಿ ಮಾಡಿದವರು ಬರ್ಲಿನ್‌ನಲ್ಲಿ ನೆಲೆಯಾಗಿರುವ ಮ್ಯಾನಿಫೆಸ್ಟೋ ಪ್ರಾಜೆಕ್ಟ್‌ನವರು. 1979ರಲ್ಲಿ ಇಯಾನ್ ಬಜ್, ಡೇವಿಡ್ ರಾಬರ್ಟ್‌ಸನ್ ಮೊದಲಾದವರು ಯುರೋಪಿನಲ್ಲಿ ಒಂದು ಸಣ್ಣ ಗುಂಪಾಗಿ ಆರಂಭಿಸಿದ್ದು ಮುಂದೆ ಬರ್ಲಿನ್ನಿನ ಸಮಾಜವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಬಂದು ಬೆಳೆಯಿತು. 1945ರಿಂದೀಚಿನ ಚುನಾವಣೆಗಳ ಪ್ರಣಾಳಿಕೆಗಳನ್ನು ಕೂಡಿಸಿ, 50ಕ್ಕೂ ಹೆಚ್ಚು ದೇಶಗಳ ಪಕ್ಷಗಳು ಯಾವ ವಿಷಯಕ್ಕೆ ಎಷ್ಟು ಮಾತು ವೆಚ್ಚ ಮಾಡಿವೆ ಎಂದು ಅವರು ಲೆಕ್ಕ ಹಾಕಿದ್ದಾರೆ. ‘ಮಾತು ವೆಚ್ಚ’ ಎಂದದ್ದು ಸುಮ್ಮನೆ ಅಲ್ಲ. ಪಕ್ಷಗಳು ಎದುರಾಳಿಯೊಡನೆ ನೇರವಾಗಿ ವಾದಕ್ಕಿಳಿಯುವುದು ಕಡಿಮೆ, ತಮಗೆ ಅನುಕೂಲವಾದ ವಿಷಯವನ್ನೇ ಹೆಚ್ಚು ಹೊತ್ತು ಮಾತಾಡುತ್ತವೆ ಎಂಬ ನಂಬಿಕೆಯ ಮೇಲೆ ಈ ವಿಧಾನ ನಿಂತಿದೆ. ಭ್ರಷ್ಟಾಚಾರವನ್ನು ಬೆಂಬಲಿಸುತ್ತೇವೆ ಎಂದು ಯಾವ ಪಕ್ಷವೂ ಬರೆಯುವುದಿಲ್ಲ. ಅದರ ಬಗ್ಗೆ ಒಬ್ಬರು ಎರಡು ಪುಟ ಬರೆದು, ಇನ್ನೊಬ್ಬರು ಒಂದೇ ಸಾಲಿಗೆ ಮುಗಿಸಿದರೆ ಆ ಅಂತರವೇ ಮಾಹಿತಿ.

ಹಾಗಾಗಿ ಮೊದಲ ಕೆಲಸ ಎಣಿಸುವುದಲ್ಲ, ಕತ್ತರಿಸುವುದು.

ಎಣಿಸಬೇಕಾದ ಘಟಕ ಯಾವುದು? ಪದವೇ, ವಾಕ್ಯವೇ, ಪ್ಯಾರಾವೇ? ಬರ್ಲಿನ್ನಿನವರು ಒಂದು ಪೂರ್ಣ ಹೇಳಿಕೆಯನ್ನು ಒಂದು ತುಣುಕು ಎಂದು ಹಿಡಿದರು. ಒಂದು ವಾಕ್ಯದೊಳಗೆ ಎರಡು ಮೂರು ತುಣುಕುಗಳಿರಬಹುದು, ಆದರೆ ಒಂದು ತುಣುಕು ಪೂರ್ಣವಿರಾಮವನ್ನು ದಾಟಿ ಮುಂದಿನ ವಾಕ್ಯಕ್ಕೆ ಹರಿಯುವಂತಿಲ್ಲ. ನಿಯಮ ಸರಳ. ಆದರೆ ಕನ್ನಡ ಪ್ರಣಾಳಿಕೆಯನ್ನು ಕೈಗೆತ್ತಿಕೊಂಡವರಿಗೆ ಇಲ್ಲೇ ಮೊದಲ ಎಡವು. ನಮ್ಮ ಸರ್ಕಾರಿ ಶೈಲಿಯ ಕನ್ನಡದಲ್ಲಿ ವಾಕ್ಯ ಬೇಗ ಮುಗಿಯುವುದಿಲ್ಲ. ಉದಾಹರಣೆಗೆ ಹೀಗೊಂದು ವಾಕ್ಯ ಕಟ್ಟಿಕೊಳ್ಳೋಣ: ‘ಕೆರೆಗಳ ಹೂಳು ತೆಗೆದು, ಕಾಲುವೆಗಳನ್ನು ದುರಸ್ತಿ ಮಾಡಿಸಿ, ರೈತರಿಗೆ ಬಡ್ಡಿರಹಿತ ಸಾಲ ನೀಡಿ, ಹಳ್ಳಿಯ ಶಾಲೆಗಳಿಗೆ ಶಿಕ್ಷಕರನ್ನು ನೇಮಿಸಲಾಗುವುದು.’ ವ್ಯಾಕರಣದ ಪ್ರಕಾರ ಇದು ಒಂದೇ ವಾಕ್ಯ, ಒಂದೇ ಪೂರ್ಣ ಕ್ರಿಯಾಪದ. ಭರವಸೆಗಳು ಮಾತ್ರ ನಾಲ್ಕು. ಹೂಳು ಮತ್ತು ಕಾಲುವೆ ಎರಡೂ ನೀರಾವರಿಯೇ ಎಂದು ಕೂಡಿಸಿದರೆ ಮೂರು. ಪೂರ್ಣವಿರಾಮವನ್ನು ಮಾತ್ರ ನೋಡಿ ಎಣಿಸಿದರೆ ಒಂದು, ಅದೂ ಶಿಕ್ಷಣದ ಖಾನೆಗೆ ಹೋಗಿ, ಕೆರೆಯೂ ಸಾಲವೂ ‘ತೆಗೆದು’, ‘ನೀಡಿ’ಗಳೊಳಗೆ ಮುಳುಗಿಬಿಡುತ್ತವೆ. ಇದೇ ಪ್ರಣಾಳಿಕೆಯ ಇಂಗ್ಲಿಷ್ ಆವೃತ್ತಿಯಲ್ಲಿ ಇವು ನಾಲ್ಕು ಚುಕ್ಕಿ ಸಾಲುಗಳಾಗಿದ್ದರೆ ಆಶ್ಚರ್ಯವಿಲ್ಲ. ಒಬ್ಬರು ಕನ್ನಡ ಪ್ರತಿಯನ್ನೂ ಇನ್ನೊಬ್ಬರು ಇಂಗ್ಲಿಷ್ ಪ್ರತಿಯನ್ನೂ ಇಟ್ಟುಕೊಂಡು ಕೂತರೆ ಕೆಲಸ ಆರಂಭಕ್ಕೆ ಮುನ್ನವೇ ಕೆಟ್ಟಂತೆ.

ಕತ್ತರಿಯ ಈ ವ್ಯತ್ಯಾಸ ಸಣ್ಣದಾಗಿ ಕಂಡರೂ ಲೆಕ್ಕದ ತಳಕ್ಕೆ ಹೋಗಿ ಮುಟ್ಟುತ್ತದೆ. ಶೇಕಡಾವಾರು ತೆಗೆಯುವಾಗ ಭಾಗಿಸುವುದು ಒಟ್ಟು ತುಣುಕುಗಳ ಸಂಖ್ಯೆಯಿಂದ. ಒಬ್ಬರು 400 ತುಣುಕು ಮಾಡಿದ ಪ್ರಣಾಳಿಕೆಯನ್ನು ಇನ್ನೊಬ್ಬರು 520 ಮಾಡಿದರೆ, ಮುಂದಿನ ಪ್ರತಿ ಅಂಕಿಯೂ ಬೇರೆಯಾಗುತ್ತದೆ. ಆದ್ದರಿಂದ ಕತ್ತರಿಸುವ ಹಂತದಲ್ಲಿ ಒಮ್ಮೆ, ಖಾನೆಗೆ ಹಾಕುವ ಹಂತದಲ್ಲಿ ಇನ್ನೊಮ್ಮೆ, ಹೀಗೆ ಹೊಂದಾಣಿಕೆಯನ್ನು ಎರಡು ಸಲ ಪರೀಕ್ಷಿಸಬೇಕು. ಮೊದಲನೆಯದನ್ನು ನುಂಗಿಕೊಂಡು ಎರಡನೆಯದನ್ನು ಮಾತ್ರ ವರದಿ ಮಾಡುವವರೇ ಹೆಚ್ಚು.

ಕತ್ತರಿಸಿದ ಮೇಲೆ ಖಾನೆಗಳು. ಮ್ಯಾನಿಫೆಸ್ಟೋ ಪ್ರಾಜೆಕ್ಟ್‌ನ ಮೂಲ ಪಟ್ಟಿಯಲ್ಲಿ 7 ವಿಭಾಗಗಳು, ಅವುಗಳಲ್ಲಿ ಹಂಚಿದ 56 ಖಾನೆಗಳು. ಪ್ರತಿ ಖಾನೆಗೂ ಮೂರಂಕಿಯ ಗುರುತು. 504 ಎಂದರೆ ಕಲ್ಯಾಣ ಕಾರ್ಯಕ್ರಮಗಳ ವಿಸ್ತರಣೆ, 506 ಶಿಕ್ಷಣ ವಿಸ್ತರಣೆ, 411 ತಂತ್ರಜ್ಞಾನ ಮತ್ತು ಮೂಲಸೌಕರ್ಯ, 304 ಭ್ರಷ್ಟಾಚಾರ, 703 ಕೃಷಿ ಮತ್ತು ರೈತರು. ಯಾವುದಕ್ಕೂ ಸೇರದ ತುಣುಕಿಗೆ 000. ಇದರ ಜೊತೆಗೆ ಕೈಪಿಡಿ. ಪ್ರತಿ ಖಾನೆಯ ವಿವರಣೆಯಲ್ಲದೆ, ಎರಡು ಖಾನೆಗಳ ನಡುವೆ ತೂಗಾಡುವಾಗ ಯಾವುದು ಗೆಲ್ಲಬೇಕು ಎಂಬ ನಿಯಮಗಳೂ ಅದರಲ್ಲಿರುತ್ತವೆ. ಈ ವಿಧಾನದ ಜೀವ ಇರುವುದು ಆ ನಿಯಮಗಳಲ್ಲಿ.

ಅದೇ ಚುನಾವಣೆಯಲ್ಲಿ ಕಾಂಗ್ರೆಸ್ ಕೊಟ್ಟ ‘ಶಕ್ತಿ’ ಗ್ಯಾರಂಟಿಯನ್ನು ತೆಗೆದುಕೊಳ್ಳಿ: ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ. 504ಕ್ಕೆ ಹಾಕೋಣವೆಂದರೆ, ಆ ಖಾನೆಯನ್ನು ಯುರೋಪಿನ ಪಿಂಚಣಿ, ಆರೋಗ್ಯ, ಮಕ್ಕಳ ಪಾಲನೆ, ಸಾರ್ವಜನಿಕ ವಸತಿ ಇವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬಸ್ ಟಿಕೆಟ್ಟಿನ ನೆನಪು ಅಲ್ಲಿ ಯಾರಿಗೂ ಬಂದಿಲ್ಲ. ಮಹಿಳೆಯರಿಗೆಂದೇ ಇರುವುದರಿಂದ 503, ಅಂದರೆ ಸಮಾನತೆ, ಎನ್ನಬಹುದು. ಮಹಿಳೆಯರಂಥ ಗುಂಪುಗಳಿಗೆ 706 ಎಂಬ ಖಾನೆಯೂ ಇದೆ. ಬಸ್ ಎಂಬ ಪದ ಕಂಡು ಅವಸರದವರೊಬ್ಬರು 411ಕ್ಕೂ ತಳ್ಳಿಯಾರು. ಕೈಪಿಡಿಯ ಒಂದು ನಿಯಮ ಇಲ್ಲಿ ನೆರವಿಗೆ ಬರುತ್ತದೆ. ತುಣುಕಿನಲ್ಲಿ ನಿರ್ದಿಷ್ಟ ನೀತಿಯೂ ಇದ್ದು, ಗುಂಪಿನ ಹೆಸರೂ ಇದ್ದರೆ ನೀತಿಯೇ ಗೆಲ್ಲಬೇಕು, 703ಕ್ಕೆ ಮಾತ್ರ ವಿನಾಯಿತಿ. ಹಾಗಾಗಿ 706 ಬಿದ್ದುಹೋಯಿತು. ಉಳಿದ 503 ಮತ್ತು 504ರ ನಡುವೆ ಆರಿಸಲು ಶೀರ್ಷಿಕೆಯನ್ನೂ ಹಿಂದಿನ ವಾಕ್ಯಗಳನ್ನೂ ನೋಡಬೇಕು. ತಾರತಮ್ಯ ನಿವಾರಣೆಯ ಮಾತಿನ ನಡುವೆ ಬಂದಿದೆಯೋ, ಬೆಲೆಯೇರಿಕೆಯ ಹೊರೆ ಇಳಿಸುವ ಮಾತಿನ ನಡುವೆಯೋ ಎಂಬುದು ಇಲ್ಲಿ ನಿರ್ಣಾಯಕ.

ಈಗ ಹಾಲಿನ ಲೋಟಕ್ಕೆ ಮರಳಬಹುದು. 703ಕ್ಕೆ ವಿಶೇಷ ಬಲವಿದೆ, ನಿಜ. ಆದರೆ ಆ ಬಲ ಬರಬೇಕಾದರೆ ತುಣುಕಿನಲ್ಲಿ ರೈತರೋ ಕೃಷಿಯೋ ಕಾಣಿಸಬೇಕು. ಭರವಸೆಯಲ್ಲಿ ಇರುವುದು ಬಡ ಕುಟುಂಬ. ಅದು ಬಂದಿರುವುದೂ ಅನ್ನ, ಅಕ್ಷರ, ಆರೋಗ್ಯ, ಆದಾಯ, ಅಭಯ, ಅಭಿವೃದ್ಧಿ ಎಂಬ ಆರು ‘ಅ’ಗಳನ್ನು ಮುಂದಿಟ್ಟ ಪ್ರಣಾಳಿಕೆಯಲ್ಲಿ, ‘ಅನ್ನ’ದ ಆಶಯದ ಕೆಳಗೆ. ನಂದಿನಿ–ಅಮುಲ್ ಜಗಳ ಓದುಗರ ತಲೆಯಲ್ಲಿರಬಹುದು, ಪಠ್ಯದಲ್ಲಿಲ್ಲ. ಕೋಡ್ ಹಾಕುವವರು ಪಠ್ಯಕ್ಕೆ ಬದ್ಧರು. ಹಾಲು 504, ಸಿರಿಧಾನ್ಯವೂ 504, ಎರಡು ತುಣುಕು. ರಾಜಕೀಯ ಬಲ್ಲ ಪತ್ರಕರ್ತರು ಈ ಕೆಲಸಕ್ಕೆ ಕೆಲವೊಮ್ಮೆ ಒಗ್ಗದಿರುವುದು ಇದೇ ಕಾರಣಕ್ಕೆ. ಅವರಿಗೆ ಸಾಲುಗಳ ನಡುವೆ ಓದುವ ಅಭ್ಯಾಸ ಬಿಡುವುದಿಲ್ಲ.

ನಿಯಮಗಳು ಗಟ್ಟಿಯಾಗಿವೆಯೇ ಎಂದು ತಿಳಿಯಲು ಇರುವ ದಾರಿ ಒಂದೇ. ಒಬ್ಬರಿಗೊಬ್ಬರು ಕಾಣದಂತೆ, ಚರ್ಚಿಸದಂತೆ, ಇಬ್ಬರು ಒಂದೇ ತುಣುಕುಗಳಿಗೆ ಕೋಡ್ ಹಾಕಬೇಕು. ಪ್ರಣಾಳಿಕೆಯ ಬೇರೆ ಬೇರೆ ಅಧ್ಯಾಯಗಳಿಂದ ಚೀಟಿ ಎತ್ತಿದಂತೆ 100 ತುಣುಕು ಆರಿಸಿ ಇಬ್ಬರಿಗೆ ಕೊಟ್ಟೆವು ಎಂದುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಸದ್ಯಕ್ಕೆ ಒಂದೇ ಪ್ರಶ್ನೆ: ಇದು ಕಲ್ಯಾಣದ ಮಾತೇ, ಅಲ್ಲವೇ? 22 ತುಣುಕುಗಳಿಗೆ ಇಬ್ಬರೂ ಹೌದೆಂದರು. 60ಕ್ಕೆ ಇಬ್ಬರೂ ಅಲ್ಲವೆಂದರು. 8ಕ್ಕೆ ಮೊದಲಿನವರು ಮಾತ್ರ ಹೌದು, 10ಕ್ಕೆ ಎರಡನೆಯವರು ಮಾತ್ರ ಹೌದು. ಒಟ್ಟು 82ರಲ್ಲಿ ಹೊಂದಾಣಿಕೆ. ಶೇ. 82 ಎಂದರೆ ಡಿಸ್ಟಿಂಕ್ಷನ್ ಎಂದು ಬೀಗಬಹುದು.

ಬೀಗುವ ಮುನ್ನ ಒಂದು ಪ್ರಶ್ನೆ ಕೇಳಬೇಕು. ಇಬ್ಬರೂ ಪ್ರಣಾಳಿಕೆಯನ್ನು ಓದದೆ, ತಮ್ಮ ತಮ್ಮ ಪ್ರಮಾಣದಲ್ಲಿ ಸುಮ್ಮನೆ ಹೌದು–ಅಲ್ಲ ಎಂದು ಗುರುತು ಹಾಕುತ್ತ ಹೋಗಿದ್ದರೆ ಎಷ್ಟು ಸಲ ತಾಳೆಯಾಗುತ್ತಿತ್ತು? ಮೊದಲಿನವರು ಒಟ್ಟು 30 ಸಲ ಹೌದೆಂದಿದ್ದಾರೆ, ಎರಡನೆಯವರು 32 ಸಲ. ಬರಿಯ ಅದೃಷ್ಟದಿಂದ ಇಬ್ಬರ ‘ಹೌದು’ ಕೂಡುವ ಸಂಭವ 0.30 ಗುಣಿಸು 0.32, ಅಂದರೆ 0.096. ಇಬ್ಬರ ‘ಅಲ್ಲ’ ಕೂಡುವುದು 0.70 ಗುಣಿಸು 0.68, ಅಂದರೆ 0.476. ಎರಡೂ ಸೇರಿ 0.572. ಓದದೆಯೇ ಶೇ. 57ರಷ್ಟು ಹೊಂದಾಣಿಕೆ ಬಿಟ್ಟಿಯಾಗಿ ಸಿಗುತ್ತಿತ್ತು! ಹಾಗಾದರೆ ನಿಜವಾಗಿ ಓದಿ ಗಳಿಸಿದ್ದು 0.82ರಿಂದ 0.572 ಕಳೆದ 0.248 ಮಾತ್ರ. ಗಳಿಸಲು ಸಾಧ್ಯವಿದ್ದದ್ದು 1ರಿಂದ 0.572 ಕಳೆದ 0.428. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 0.58. ಇದೇ ಜೇಕಬ್ ಕೋಹೆನ್ 1960ರಲ್ಲಿ ಮುಂದಿಟ್ಟ ‘ಕಪ್ಪಾ’ ಎಂಬ ಅಳತೆ. ಪೂರ್ಣ ಹೊಂದಾಣಿಕೆಗೆ 1, ಅದೃಷ್ಟದಷ್ಟೇ ಆದರೆ 0.

ಅಪರೂಪದ ಖಾನೆಗಳಲ್ಲಿ ಈ ವಂಚನೆ ಇನ್ನೂ ಜೋರು. ಅದೇ 100 ತುಣುಕುಗಳಲ್ಲಿ ಭ್ರಷ್ಟಾಚಾರದ ಮಾತು ಎಂದು ಮೊದಲಿನವರು 4ನ್ನು, ಎರಡನೆಯವರು 3ನ್ನು ಗುರುತಿಸಿ, ಇಬ್ಬರೂ ಒಪ್ಪಿದ್ದು 1 ಮಾತ್ರ ಎನ್ನೋಣ. 94ಕ್ಕೆ ಇಬ್ಬರೂ ‘ಅಲ್ಲ’ ಎಂದಿರುವುದರಿಂದ ಹೊಂದಾಣಿಕೆ ಶೇ. 95! ಕಪ್ಪಾ ಹಾಕಿ ನೋಡಿದರೆ 0.26. ಭ್ರಷ್ಟಾಚಾರದ ಮಾತು ಯಾವುದು ಎಂಬುದರಲ್ಲಿ ಇಬ್ಬರಿಗೂ ಬಹುಮಟ್ಟಿಗೆ ಒಮ್ಮತವಿಲ್ಲ, ಯಾವುದು ಅಲ್ಲ ಎಂಬುದರಲ್ಲಷ್ಟೇ ಇದೆ. ಬರಿಯ ಶೇಕಡಾವಾರು ಹೊಂದಾಣಿಕೆ ಕೊಟ್ಟು ಕೈತೊಳೆದುಕೊಂಡ ವರದಿಯನ್ನು ಅನುಮಾನದಿಂದ ನೋಡಬೇಕಾದದ್ದು ಇದಕ್ಕೆ. ಇಡೀ ಕೋಡ್‌ಪಟ್ಟಿಗೆ ಒಂದೇ ಅಂಕಿ ಕೊಟ್ಟರೂ ಸಾಲದು, ಖಾನೆವಾರು ಬೇಕು. ಇಬ್ಬರಿಗಿಂತ ಹೆಚ್ಚು ಜನ ಕೋಡ್ ಮಾಡಿದಾಗ, ಕೆಲವು ತುಣುಕುಗಳು ಬಿಟ್ಟುಹೋದಾಗ ಕ್ಲಾಸ್ ಕ್ರಿಪೆಂಡಾರ್ಫ್ ಅವರ ‘ಆಲ್ಫಾ’ ಹೆಚ್ಚು ಅನುಕೂಲ. 0.8 ಇದ್ದರೆ ನೆಚ್ಚಬಹುದು, 0.667ಕ್ಕಿಂತ ಕೆಳಗಿದ್ದರೆ ತೀರ್ಮಾನಕ್ಕೆ ಬಳಸಬಾರದು ಎಂಬುದು ಅವರು ಸೂಚಿಸಿದ ಗಡಿ. ಮೇಲಿನ ನಮ್ಮ ‘ಡಿಸ್ಟಿಂಕ್ಷನ್’ ಕಪ್ಪಾದ ಲೆಕ್ಕದಲ್ಲಿ 0.58 ಆದದ್ದನ್ನು ನೆನೆದರೆ ಈ ಗಡಿ ಎಷ್ಟು ಬಿಗಿ ಎಂದು ತಿಳಿಯುತ್ತದೆ.

ಕಡಿಮೆ ಅಂಕ ಬಂದಾಗ ಮಾಡುವ ತಪ್ಪೊಂದಿದೆ. ಇಬ್ಬರನ್ನೂ ಕೂರಿಸಿ, ತಕರಾರಿನ 18 ತುಣುಕುಗಳನ್ನು ಚರ್ಚಿಸಿ, ಒಮ್ಮತಕ್ಕೆ ಬಂದು, ‘ಈಗ ಹೊಂದಾಣಿಕೆ ಶೇ. 100’ ಎಂದು ಬರೆದುಕೊಳ್ಳುವುದು. ಇಬ್ಬರಲ್ಲಿ ಹಿರಿಯರು ಯಾರೋ, ಗಟ್ಟಿ ದನಿಯವರು ಯಾರೋ ಅವರ ಮಾತು ನಡೆದಿರುತ್ತದೆ, ಅಷ್ಟೇ. ಚರ್ಚೆ ಬೇಕು, ಆದರೆ ನಿಯಮ ತಿದ್ದುವುದಕ್ಕೆ. 18ರಲ್ಲಿ 11 ತಕರಾರು ಮಹಿಳೆಯರ ಯೋಜನೆಗಳ ಸುತ್ತಲೇ ಇದ್ದರೆ, ‘ನಗದು ಅಥವಾ ಉಚಿತ ಸೇವೆ ಇದ್ದರೆ ಫಲಾನುಭವಿ ಯಾರೇ ಇರಲಿ 504’ ಎಂಬಂಥ ಸಾಲೊಂದನ್ನು ಕೈಪಿಡಿಗೆ ಸೇರಿಸಬೇಕು. ಆಮೇಲೆ ಹೊಸ 100 ತುಣುಕುಗಳ ಮೇಲೆ ಮತ್ತೆ ಪರೀಕ್ಷೆ. ಹಳೆಯದರ ಮೇಲೆಯೇ ನಡೆಸಿದರೆ ಅಳೆದದ್ದು ನಿಯಮವನ್ನಲ್ಲ, ನೆನಪನ್ನು. ಇನ್ನೊಂದು ಪರೀಕ್ಷೆ ಒಬ್ಬರ ಮೇಲೆಯೇ ನಡೆಯುತ್ತದೆ: ಕೆಲವು ವಾರ ಬಿಟ್ಟು ಅದೇ ತುಣುಕುಗಳಿಗೆ ಅವರೇ ಮತ್ತೆ ಕೋಡ್ ಹಾಕಬೇಕು. ನೂರಾರು ತುಣುಕು ಓದುವಷ್ಟರಲ್ಲಿ ಮನಸ್ಸು ತನಗರಿವಿಲ್ಲದೆ ಗೆರೆ ಸರಿಸಿರುತ್ತದೆ. ಮೊದಲ ದಿನ ‘ಮೂಲಸೌಕರ್ಯ’ ಎನಿಸಿದ್ದು ಹತ್ತನೆಯ ದಿನ ‘ಕೃಷಿ’ ಎನಿಸಿರುತ್ತದೆ.

ಇಷ್ಟೆಲ್ಲ ಕಟ್ಟುಪಾಡುಗಳ ನಡುವೆಯೂ ಆ ದೊಡ್ಡ ಯೋಜನೆಗೇ ಒಮ್ಮೆ ಕಸಿವಿಸಿಯಾದದ್ದುಂಟು. ಸ್ಲಾವಾ ಮಿಖಾಯ್ಲೊವ್, ಮೈಕೆಲ್ ಲೇವರ್, ಕೆನೆತ್ ಬೆನ್ವಾ ಎಂಬ ಮೂವರು 2012ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬ್ರಿಟನ್ನಿನ ಲಿಬರಲ್–ಎಸ್‌ಡಿಪಿ ಮೈತ್ರಿಕೂಟದ 1983ರ ಪ್ರಣಾಳಿಕೆ, ನ್ಯೂಜಿಲೆಂಡ್‌ನ ನ್ಯಾಷನಲ್ ಪಕ್ಷದ 1972ರ ಪ್ರಣಾಳಿಕೆ, ಇವುಗಳಿಂದ ಆಯ್ದ ಭಾಗಗಳನ್ನು ತರಬೇತಾದವರಿಗೆ ಕೊಟ್ಟು ನೋಡಿದ್ದರು. ತುಣುಕುಗಳನ್ನು ಮೊದಲೇ ಕತ್ತರಿಸಿ ಕೊಟ್ಟಿದ್ದರಿಂದ ಕತ್ತರಿಯ ತಕರಾರೂ ಇರಲಿಲ್ಲ. ಆದರೂ ಹೊಂದಾಣಿಕೆಯ ಕಪ್ಪಾ 0.5ಕ್ಕೂ ಕೆಳಗಿತ್ತು. ಅಷ್ಟೇ ಮುಜುಗರದ ಮತ್ತೊಂದು ಸಂಗತಿಯನ್ನೂ ಅವರು ಎತ್ತಿ ತೋರಿಸಿದರು: ಸಂಗ್ರಹದಲ್ಲಿದ್ದ ಹೆಚ್ಚುಕಡಿಮೆ ಎಲ್ಲ ಪ್ರಣಾಳಿಕೆಗಳಿಗೂ ಕೋಡ್ ಹಾಕಿದ್ದು ಒಬ್ಬೊಬ್ಬರೇ, ಒಂದೊಂದೇ ಸಲ. 56 ಖಾನೆ ಅತಿಯಾಯಿತು, ಪಟ್ಟಿಯನ್ನು ಬಹಳಷ್ಟು ಸರಳಗೊಳಿಸಬೇಕು ಎಂಬುದು ಅವರ ಸಲಹೆ. 2016ರಲ್ಲಿ ಇದೇ ಬಳಗ ಬೇರೆ ದಾರಿ ಹಿಡಿಯಿತು. 1987ರಿಂದ 2010ರವರೆಗಿನ 18 ಬ್ರಿಟಿಷ್ ಪ್ರಣಾಳಿಕೆಗಳ ವಾಕ್ಯಗಳನ್ನು ಅಂತರ್ಜಾಲದಲ್ಲಿ ಕೂಲಿಗೆ ಸಿಗುವ ಸಾಮಾನ್ಯ ಜನರಿಗೆ ಕೊಟ್ಟು, ಇದು ಆರ್ಥಿಕ ನೀತಿಯೋ, ಸಾಮಾಜಿಕ ನೀತಿಯೋ, ಎರಡೂ ಅಲ್ಲವೋ ಎಂದಷ್ಟೇ ಮೊದಲು ಕೇಳಿದರು. ಪ್ರತಿ ವಾಕ್ಯವನ್ನೂ ಹಲವರು ಓದಿದರು. ಉತ್ತರ ಮೊದಲೇ ಗೊತ್ತಿದ್ದ ವಾಕ್ಯಗಳನ್ನು ನಡುನಡುವೆ ಬೆರೆಸಿ ಸೋಮಾರಿಗಳನ್ನು ಹೊರಗಿಟ್ಟರು. ಹಾಗೆ ಕೂಡಿಬಂದ ಫಲಿತಾಂಶ ತಜ್ಞರ ಓದಿಗೆ ಚೆನ್ನಾಗಿಯೇ ಹೊಂದಿತು.

ಇಬ್ಬರು ಓದುಗರು ಒಪ್ಪಿದರು ಎಂದ ಮಾತ್ರಕ್ಕೆ ಕೇಳಿದ ಪ್ರಶ್ನೆ ಸರಿಯಿತ್ತು ಎನ್ನುವಂತಿಲ್ಲ. ಬರ್ಲಿನ್ನಿನ ಅಂಕಿಗಳಿಂದ ತೆಗೆಯುವ ಅತಿ ಜನಪ್ರಿಯ ಸೂಚ್ಯಂಕಕ್ಕೆ ‘ರೈಲ್’ ಎಂದು ಹೆಸರು (ನಮ್ಮ ರೈಲಿಗೂ ಇದಕ್ಕೂ ಸಂಬಂಧವಿಲ್ಲ). ಬಲಪಂಥೀಯ ಎನಿಸುವ 13 ಖಾನೆಗಳ ಪಾಲಿನಿಂದ ಎಡಪಂಥೀಯ ಎನಿಸುವ 13 ಖಾನೆಗಳ ಪಾಲನ್ನು ಕಳೆಯುತ್ತಾರೆ. 400 ತುಣುಕುಗಳ ಪ್ರಣಾಳಿಕೆಯಲ್ಲಿ ಬಲದವು 60, ಎಡದವು 120 ಇದ್ದರೆ ಅಂಕ ಮೈನಸ್ 15, ಅಂದರೆ ಎಡಕ್ಕೆ ವಾಲಿದ ಪಕ್ಷ. ಇದನ್ನು ಕರ್ನಾಟಕಕ್ಕೆ ತಂದು ನೋಡಿದರೆ ತಮಾಷೆಯಾಗುತ್ತದೆ. ಮೀಸಲಾತಿಯ ಮಾತು ಹೋಗುವುದು 503 ಅಥವಾ 705ಕ್ಕೆ, ನೀರಾವರಿ ಹೆಚ್ಚಾಗಿ 411ಕ್ಕೆ, ಸಾಲಮನ್ನಾ 703ಕ್ಕೆ. ಈ ನಾಲ್ಕೂ ಖಾನೆಗಳು ಆ 26ರಲ್ಲಿ ಇಲ್ಲವೇ ಇಲ್ಲ. ಜಾತಿ, ನೀರು, ರೈತ, ಈ ಮೂರನ್ನೂ ಎಣಿಕೆಗೆ ತಾರದೆ ಕರ್ನಾಟಕದ ಪಕ್ಷಗಳನ್ನು ಎಡ–ಬಲದಲ್ಲಿ ಸಾಲಾಗಿ ನಿಲ್ಲಿಸಿದಂತಾಯಿತು. ಇನ್ನೊಂದೆಡೆ 504 ಎಡದ ಪಟ್ಟಿಯಲ್ಲಿದೆ. ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಒಂದೊಂದು ಉಚಿತ ಸಿಲಿಂಡರ್, ದಿನಾ ಹಾಲು ಎಂದ ಬಿಜೆಪಿಯೂ, ಐದು ಗ್ಯಾರಂಟಿ ಎಂದ ಕಾಂಗ್ರೆಸ್ಸೂ ಈ ಅಳತೆಯಲ್ಲಿ ಒಟ್ಟಿಗೆ ಎಡಕ್ಕೆ ಜರುಗುತ್ತವೆ. ಕಪ್ಪಾ 0.9 ಬಂದರೂ ಇದು ಸರಿಹೋಗುವುದಿಲ್ಲ. ಸಂಶೋಧಕರು ಇದನ್ನು ವಿಶ್ವಾಸಾರ್ಹತೆಯಿಂದ ಬೇರ್ಪಡಿಸಿ ಸಿಂಧುತ್ವದ ಪ್ರಶ್ನೆ ಎನ್ನುತ್ತಾರೆ. ಇಲ್ಲಿನ ಪ್ರಣಾಳಿಕೆಗಳಿಗೆ ಇಲ್ಲಿಯೇ ಖಾನೆ ಕಟ್ಟಬೇಕಾಗುತ್ತದೆ: ಮೀಸಲಾತಿ, ನೀರಾವರಿ, ಸಾಲಮನ್ನಾ, ನಗದು ವರ್ಗಾವಣೆ, ನಾಡು–ನುಡಿ, ಹೀಗೆ.

ಆಗಲೂ ಒಂದು ತೊಡಕು ಉಳಿಯುತ್ತದೆ. ಈ ಎಣಿಕೆಯಲ್ಲಿ ಎಲ್ಲ ತುಣುಕುಗಳಿಗೂ ಒಂದೇ ತೂಕ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂಬ ‘ಗೃಹಲಕ್ಷ್ಮಿ’ ಒಂದು ತುಣುಕು, ಯಾವುದೋ ಭವನದ ನವೀಕರಣವೂ ಒಂದು ತುಣುಕು. ಕಾಂಗ್ರೆಸ್ 2023ರ ಮೇ 2ರಂದು ಬಿಡುಗಡೆ ಮಾಡಿದ ಪ್ರಣಾಳಿಕೆಯನ್ನು ಪೂರ್ತಿ ಕೋಡ್ ಮಾಡಿದರೆ, ಇಡೀ ಪ್ರಚಾರ ಯಾವುದರ ಮೇಲೆ ನಡೆಯಿತೋ ಆ ಐದು ಗ್ಯಾರಂಟಿಗಳು ಹತ್ತಾರು ಪುಟಗಳ ನಡುವೆ ಬೆರಳೆಣಿಕೆಯ ತುಣುಕುಗಳಾಗಿ ಕರಗುತ್ತವೆ. ಅವುಗಳನ್ನು ಪ್ರಣಾಳಿಕೆಗೂ ಮೊದಲೇ, ತಿಂಗಳುಗಳ ಕಾಲ ಒಂದೊಂದಾಗಿ ಘೋಷಿಸಿ ಆಗಿತ್ತು. ಅದನ್ನು ಹಿಡಿಯಬೇಕೆಂದರೆ ಪ್ರಣಾಳಿಕೆಯ ಜೊತೆಗೆ ಭಾಷಣ, ಕರಪತ್ರ, ಜಾಹೀರಾತುಗಳನ್ನೂ ತಂದು ಕತ್ತರಿಸಬೇಕು. ಅವುಗಳಿಗೂ ಇಬ್ಬರು ಓದುಗರು, ಮತ್ತೆ ಹೊಸ 100 ತುಣುಕು.